ಅರವತ್ತು ಸೆಂಟ್ಸ್

ಮಾರ್ಚ್ ತಿಂಗಳ ಸಂಜೆ ಬಾಳೂರಿನ ಕಡೆಯಿಂದ ಮೋಡ ಕಪ್ಪುಗಟ್ಟಿ ಬಂತೆಂದರೆ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಮಾತಾಡಿದರೆ ಮಳೆ ಹೆದರಿ ಕಳಸದ ಕಡೆಗೆ ಓಡಿಹೋಗುತ್ತದೆ ಅನ್ನುವ ಹಾಗೆ. ಅಪ್ಪ ಜಗಲಿಯ ಕಂಬ ಹಿಡಿದು ನಿಂತಿರುತ್ತಾರೆ. ಅಮ್ಮ ಕಣದಲ್ಲಿ ಒಣಗಿಸಿದ ಕಾಳುಮೆಣಸು ಬಾಚಿ ಒಳಗೆ ಹಾಕಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಅದೇ ಕಂಬದ ಇನ್ನೊಂದು ಮಗ್ಗುಲಿಗೆ ನಿಲ್ಲುತ್ತಾಳೆ. ನಲವತ್ತು ವರ್ಷದಿಂದ ಹೂಮಳೆಯನ್ನು ಅವರು ಹೀಗೇ ಕಾದಿದ್ದಾರೆ, ನಡುವೆ ಒಂದು ಕಂಬ ಇಟ್ಟುಕೊಂಡು.

ಮಳೆ ನಿಂತ ಐದು ನಿಮಿಷಕ್ಕೆ ಫೋನುಗಳು ಶುರು. ಹಲೋ ಇಲ್ಲ, ಹೇಗಿದ್ದೀರಿ ಇಲ್ಲ. ‘ಎಷ್ಟಾಯ್ತು?’ ಅನ್ನುವುದೇ ಮೊದಲ ಮಾತು. ‘ಅರವತ್ತು ಸೆಂಟ್ಸ್. ನಿಮ್ಮಲ್ಲಿ?’ ಸರ್ಕಾರ ಮಿಲಿಮೀಟರಿನಲ್ಲಿ ಅಳೆಯುತ್ತದೆ, ಕಾಫಿಯವರು ಇವತ್ತಿಗೂ ಇಂಚು ಮತ್ತು ಸೆಂಟ್ಸಿನಲ್ಲೇ. ನೂರು ಸೆಂಟ್ಸಿಗೆ ಒಂದಿಂಚು. ಒಂದಿಂಚಿನ ಹತ್ತಿರ ಬಂದರೆ ಎಂಟನೇ ದಿನದ ಸುಮಾರಿಗೆ ರೊಬಸ್ಟಾ ತೋಟ ಪೂರ್ತಿ ಬೆಳ್ಳಗಾಗುತ್ತದೆ. ಮೂವತ್ತು ನಲವತ್ತಕ್ಕೇ ನಿಂತುಹೋದರೆ ಕಷ್ಟ. ಮೊಗ್ಗು ಅರ್ಧ ಬಿರಿದು, ಕೆಂಪಗೆ ತಿರುಗಿ ಹಾಗೇ ಉಳಿಯುತ್ತದೆ, ಕಾಯಿ ಕಚ್ಚುವುದಿಲ್ಲ. ಹಾಗಾಗಿ ‘ಎಷ್ಟಾಯ್ತು’ ಎಂದು ಕೇಳುವವರು ನಿಮ್ಮ ವರ್ಷದ ಅನ್ನದ ಬಗ್ಗೆ ಕೇಳುತ್ತಿದ್ದಾರೆ. ಪ್ರೀತಿ ಇಲ್ಲದವರು ಇದನ್ನು ಕೇಳುವುದಿಲ್ಲ. ಹೊಟ್ಟೆಕಿಚ್ಚಿನವರೂ ಕೇಳುತ್ತಾರೆ ಅನ್ನುವುದು ಬೇರೆ ಮಾತು.

ಇಂಥ ಮನೆಗೆ ನನ್ನ ತಮ್ಮನ ಹೆಂಡತಿ ಮೈಸೂರಿನಿಂದ ಬಂದಳು. ಮಾತಿನ ಹುಡುಗಿ. ಮದುವೆಗೆ ಮುಂಚೆ ಇಬ್ಬರೂ ದೇವರಮನೆ ಗುಡ್ಡಕ್ಕೆ ಹೋಗಿದ್ದರಂತೆ. ಮಂಜು ಬಂದು ಎದುರಿನ ಕಣಿವೆಯೆಲ್ಲ ಮುಚ್ಚಿಹೋದ ಹೊತ್ತಿನಲ್ಲಿ ಅವಳೇ ಧೈರ್ಯ ಮಾಡಿ ‘ಐ ಲವ್ ಯೂ’ ಅಂದಳು. ನನ್ನ ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಜರ್ಕಿನ್ ಹಾಕ್ಕೋ, ಗಾಳಿ ಜೋರಿದೆ’ ಅಂದನಂತೆ. ಅವಳು ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಾಳೆ. ಆದರೆ ಆವತ್ತು ಕೊಟ್ಟಿಗೆಹಾರ ಮುಟ್ಟುವವರೆಗೂ ಒಂದೇ ಒಂದು ಮಾತಾಡಿರಲಿಲ್ಲವಂತೆ. ಅವನು ಹಾಕಿಕೋ ಅಂದದ್ದು ತನ್ನದೇ ಜರ್ಕಿನ್, ತಾನು ಬನಿಯನ್ನಿನ ಮೇಲೊಂದು ತೆಳು ಅಂಗಿಯಲ್ಲಿ ನಡುಗುತ್ತಾ ಬೈಕು ಓಡಿಸಿದ್ದ ಎಂಬುದು ಅವಳಿಗೆ ಹೊಳೆದದ್ದು ಮನೆಗೆ ಹೋದ ಮೇಲೆ.

ಒಂದು ದಿನ ರೊಟ್ಟಿ ತಟ್ಟುತ್ತಿದ್ದಾಗ ಅವಳು ಅಮ್ಮನನ್ನೇ ಕೇಳಿಬಿಟ್ಟಳು.

‘ಅತ್ತೆ, ಮಾವ ನಿಮಗೆ ಯಾವತ್ತಾದ್ರೂ ಹೇಳಿದಾರಾ?’

‘ಎಂತದು?’

‘ಐ ಲವ್ ಯೂ ಅಂತ.’

ಅಮ್ಮ ಕೈಯಲ್ಲಿದ್ದ ರೊಟ್ಟಿಯನ್ನು ಹೆಂಚಿಗೆ ಹಾಕಿ, ಅದು ಉಬ್ಬುವವರೆಗೂ ನಕ್ಕಳು. ‘ಅದನ್ನ ಹೇಳೋಕೆ ಅವರಿಗೆಲ್ಲಿ ಪುರುಸೊತ್ತು ಮಾರಾಯ್ತಿ.’ ಆಮೇಲೆ ರೊಟ್ಟಿ ಮಗುಚುತ್ತಾ ಸಣ್ಣ ದನಿಯಲ್ಲಿ, ‘ಒಂದು ಸಲ ಹೇಳಿದ್ರೆ ಬಾಯೇನು ಸವೀತಿರ್ಲಿಲ್ಲ’ ಅಂದಳು.

ಈ ಎರಡನೆಯ ಮಾತನ್ನು ನಾನು ಮರೆತಿಲ್ಲ. ಮಲೆನಾಡಿನ ಗಂಡಸರ ಮೌನವನ್ನು ಹೊಗಳಿ ಹೊಗಳಿ ನಾವು ಅದನ್ನು ಗುಣವೆಂದೇ ಮಾಡಿಬಿಟ್ಟಿದ್ದೇವೆ. ಆಡದ ಮಾತಿನ ಹಿಂದೆ ಏನೂ ಇಲ್ಲದ ಮನೆಗಳೂ ಇವೆ. ಯಾವುದು ಯಾವ ಬಗೆಯ ಮೌನ ಎಂದು ತಿಳಿಯಬೇಕಾದರೆ ಬೆಳಗಿನ ಜಾವ ಬಚ್ಚಲ ಒಲೆ ನೋಡಬೇಕು. ಜುಲೈ ತಿಂಗಳ ಜಡಿಮಳೆಯಲ್ಲಿ, ಸೌದೆಯೆಲ್ಲ ತಂಡಿ ಹಿಡಿದು ಬರೀ ಹೊಗೆಯಾಡುವಾಗ, ಅಪ್ಪ ಅಮ್ಮನಿಗಿಂತ ಮುಂಚೆ ಎದ್ದು ಹಂಡೆಗೆ ಬೆಂಕಿ ಹಾಕುತ್ತಾರೆ. ಅದಕ್ಕೆಂದು ಹಿಂದಿನ ರಾತ್ರಿಯೇ ನಾಲ್ಕು ಕೊರಡು ಒಲೆಯ ಪಕ್ಕ ಒಣಗಲು ಇಟ್ಟಿರುತ್ತಾರೆ. ಅಮ್ಮ ಏಳುವ ಹೊತ್ತಿಗೆ ನೀರು ಕಾದಿರುತ್ತದೆ. ಅಪ್ಪ ಅಲ್ಲಿರುವುದಿಲ್ಲ.

ನಮ್ಮ ಮೂಡಿಗೆರೆಯಲ್ಲೇ ಇನ್ನೊಂದು ಬಗೆಯ ಮನೆಯೂ ಇತ್ತು. ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಮೈಸೂರಿನಲ್ಲಿ ಓದುವ ಕಾಲಕ್ಕೆ ಮೆಚ್ಚಿಕೊಂಡವರು, 1966ರಲ್ಲಿ ಮದುವೆಯಾದವರು. ಆ ಮದುವೆಗೆಂದೇ ಕುವೆಂಪು ‘ಮಂತ್ರ ಮಾಂಗಲ್ಯ’ವನ್ನು ಸಿದ್ಧಪಡಿಸಿದರು. ಪುರೋಹಿತರಿಲ್ಲ, ಆಡಂಬರವಿಲ್ಲ, ಗಂಡು ಹೆಣ್ಣು ತಮಗೆ ಅರ್ಥವಾಗುವ ಕನ್ನಡದಲ್ಲಿ ಎಲ್ಲರೆದುರು ಪ್ರತಿಜ್ಞೆ ಮಾಡುವ ಮದುವೆ. ನನ್ನ ಅಪ್ಪ ಧಾರೆಯ ದಿನ ಭಟ್ಟರು ಹೇಳಿಕೊಟ್ಟ ಸಂಸ್ಕೃತವನ್ನು ಅರ್ಧ ನುಂಗಿ ಅರ್ಧ ಒಪ್ಪಿಸಿದವರು. ಹೆಂಡತಿಗೆ ಅಂದು ಏನು ಮಾತು ಕೊಟ್ಟೆ ಎಂಬುದು ಅವರಿಗೆ ಇವತ್ತಿಗೂ ಗೊತ್ತಿರಲಾರದು.

ತೇಜಸ್ವಿ 2007ರ ಏಪ್ರಿಲ್ 5ರಂದು ತೀರಿಕೊಂಡರು. ಆಮೇಲೆ ರಾಜೇಶ್ವರಿ ತಮ್ಮ ಬಾಳಿನ ಕಥೆ ಬರೆದು, ಅದಕ್ಕೆ ‘ನನ್ನ ತೇಜಸ್ವಿ’ ಎಂದು ಹೆಸರಿಟ್ಟರು. ಆ ‘ನನ್ನ’ ಎಂಬ ಪದವನ್ನು ನಮ್ಮ ಕಡೆಯವರು ಸುಲಭಕ್ಕೆ ಬಾಯಿಂದ ಹೊರಡಿಸುವುದಿಲ್ಲ. ಅಮ್ಮನಿಗೆ ಅಪ್ಪ ‘ನಮ್ಮನೆಯವರು’, ಅಪ್ಪನಿಗೆ ಅಮ್ಮ ‘ನಮ್ಮನೇಲಿ’. ಗಂಡ ಹೆಂಡಿರೆಂದರೆ ಊರೆಲ್ಲ ಸೇರಿ ಇಟ್ಟುಕೊಂಡ ಆಸ್ತಿ ಎಂಬಂತೆ ಎಲ್ಲಕ್ಕೂ ಬಹುವಚನ. ಅಂಥ ಸೀಮೆಯಲ್ಲಿ ಕೂತು, ಮುಖಪುಟದ ಮೇಲೆ ‘ನನ್ನ’ ಎಂದು ಅಚ್ಚುಹಾಕಿಸಿದ್ದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ತಣ್ಣಗಾಗುತ್ತದೆ. ಅಮ್ಮ ಆ ಪುಸ್ತಕವನ್ನು ಎರಡು ಸಲ ಓದಿದ್ದಾಳೆ. ಏನೂ ಹೇಳಿಲ್ಲ.

ಅಪ್ಪನದೂ ಒಂದು ಪುಸ್ತಕವಿದೆ. ಕೆಂಪು ರಟ್ಟಿನ ಮಳೆ ಲೆಕ್ಕದ ಪುಸ್ತಕ. ದಿನಾ ಬೆಳಿಗ್ಗೆ ಎಂಟಕ್ಕೆ ಅಂಗಳದಾಚೆಯ ಮಳೆಮಾಪಕದ ಬಾಯಿ ತೆಗೆದು, ಒಳಗಿನ ಸೀಸೆಯ ನೀರನ್ನು ಅಳತೆಯ ಗಾಜಿಗೆ ಸುರಿದು, ಮೊಣಕಾಲೂರಿ ಕಣ್ಣಿನ ಮಟ್ಟಕ್ಕೆ ಹಿಡಿದು ಓದುತ್ತಾರೆ. ಮೇಲಿನಿಂದ ನೋಡಿದರೆ ಲೆಕ್ಕ ತಪ್ಪುತ್ತದೆ. ಆಲಿಕೆಯಲ್ಲಿ ಸಿಲ್ವರ್ ಓಕಿನ ಎಲೆ ಸಿಕ್ಕಿಕೊಂಡರೂ ತಪ್ಪುತ್ತದೆ. ಅಪ್ಪ ಊರಲ್ಲಿಲ್ಲದಾಗ ತೋಟದ ರೈಟರು ಬರೆಯುತ್ತಾರೆ. ಅಪ್ಪ ವಾಪಸು ಬಂದವರೇ ಅದರ ಪಕ್ಕದಲ್ಲಿ ‘ಅಂದಾಜು’ ಎಂದು ಗೀಚುತ್ತಾರೆ. ಆ ಪುಸ್ತಕ ಬೇರೆ ಯಾರೂ ಮುಟ್ಟುವಂಥದ್ದಲ್ಲ.

ಮೂರು ವರ್ಷದ ಕೆಳಗೆ ಆಗಸ್ಟಿನಲ್ಲಿ ಅಪ್ಪ ಹನ್ನೊಂದು ದಿನ ಮಂಗಳೂರಿನ ಆಸ್ಪತ್ರೆಯಲ್ಲಿದ್ದರು. ಜೊತೆಗೆ ನಾನಿದ್ದೆ. ಎರಡನೇ ದಿನ ಬೆಳಿಗ್ಗೆ ಎಂಟೂಕಾಲಿಗೆ ಅಮ್ಮನ ಫೋನು ಬಂತು. ಅವಳಿಗೆ ಸಿಗ್ನಲ್ ಸಿಗುವುದು ಕಣದ ಮೂಲೆಯಲ್ಲಿ ಮಾತ್ರ. ಕೊಡೆಯ ಮೇಲೆ ಮಳೆ ಬಡಿಯುವ ಸದ್ದು ನನಗೂ ಕೇಳುತ್ತಿತ್ತು.

‘ಎರಡಿಂಚು ಎಂಟು’ ಅಂದಳು.

ಅಪ್ಪನ ಮೂಗಿಗೆ ನಳಿಕೆ ಇತ್ತು. ‘ಎಲೆ ಇತ್ತಾ ನೋಡ್ದ್ಯಾ?’

‘ತೆಗೆದೇ ಅಳೆದದ್ದು.’

‘ಬಗ್ಗಿ ಓದಿದ್ಯಾ?’

‘ಮಂಡಿಯೂರಿಯೇ ಓದಿದ್ದು. ಸೀರೆ ಎಲ್ಲ ಕೆಸರು.’

ಅಪ್ಪ ‘ಹ್ಞೂಂ’ ಅಂದು ಫೋನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ಮಲಗಿದರು. ಮಾರನೆಯ ದಿನದಿಂದ ಎಂಟು ಗಂಟೆಗೇ ಫೋನು ಹಿಡಿದುಕೊಂಡು ಕೂತಿರುತ್ತಿದ್ದರು.

ಕಳೆದ ತಿಂಗಳು ಹೂಮಳೆಯ ಲೆಕ್ಕ ತಾಳೆ ನೋಡಲು ಆ ಪುಸ್ತಕ ತೆರೆದೆ. ಆಗಸ್ಟಿನ ಪುಟದಲ್ಲಿ ಅಪ್ಪನ ಚೂಪು ಅಂಕಿಗಳ ನಡುವೆ ಹತ್ತು ಸಾಲು ಅಮ್ಮನ ದುಂಡು ಅಕ್ಷರ. ಒಂದು ಕಡೆ ಹನಿ ಬಿದ್ದು ಶಾಯಿ ಹರಡಿದೆ. ಪಕ್ಕದಲ್ಲಿ ಎಲ್ಲೂ ‘ಅಂದಾಜು’ ಎಂದಿಲ್ಲ. ಅದರ ಕೆಳಗೆ, ಆಸ್ಪತ್ರೆಯಿಂದ ಬಂದ ಮರುದಿನ, ಅಪ್ಪನ ನಡುಗುವ ಕೈಯಲ್ಲಿ: 1.15.