ಖಾಲಿ ಜಾಗಕ್ಕೂ ಕೊರಿಯರ್ ದರ

ಚನ್ನಪಟ್ಟಣದ ಗೊಂಬೆ ತೂಕದ ವಸ್ತುವಲ್ಲ. ಹಾಲೆ ಮರ ಹಗುರ, ಗೊಂಬೆಗಳ ಆಕಾರವೋ ಒಂದರೊಳಗೊಂದು ಕೂರುವಂಥದ್ದಲ್ಲ. ಅಂಥ ಗೊಂಬೆಗಳನ್ನು ದೆಹಲಿಗೆ ಕಳಿಸುವ ಒಂದು ಪೆಟ್ಟಿಗೆ ತಕ್ಕಡಿಯಲ್ಲಿ 2.2 ಕಿಲೋ ತೂಗುತ್ತದೆ ಎಂದುಕೊಳ್ಳಿ. ಬಿಲ್ ಮಾತ್ರ 6 ಕಿಲೋಗೆ ಬರುತ್ತದೆ. ಇದು ಮೋಸವಲ್ಲ, ಲೆಕ್ಕ.

ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಸಿಗುವುದು ಗಾತ್ರದ ತೂಕ. ನಮ್ಮಲ್ಲಿ ಬಹಳಷ್ಟು ಕೊರಿಯರ್‌ಗಳ ಭಾಜಕ ಇದೇ. ಕೆಲವು ಬೇರೆ ಸಂಖ್ಯೆ ಬಳಸುತ್ತವೆ, ಮೊದಲೇ ಕೇಳಿಕೊಳ್ಳಬೇಕು. ಗಾತ್ರದ ತೂಕ, ನಿಜವಾದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. 40×30×25ರ ಪೆಟ್ಟಿಗೆ ಎಂದರೆ 30,000 ಘನ ಸೆಂಟಿಮೀಟರ್, ಅಂದರೆ 6 ಕಿಲೋ. ಹಗುರ ಸರಕು ತುಂಬಿದ ಗಾಡಿ ಭಾರ ಹೊರುವ ಶಕ್ತಿ ಮುಗಿಯುವ ಮೊದಲೇ ಜಾಗ ಮುಗಿಸಿಕೊಳ್ಳುತ್ತದೆ. ಆ ಜಾಗದ ಬೆಲೆಯೇ ಇದು. ಪುಸ್ತಕ ಕಳಿಸುವವರಿಗೆ ಈ ಚಿಂತೆ ಸಾಮಾನ್ಯವಾಗಿ ಇಲ್ಲ. ಲೀಟರ್ ಜಾಗಕ್ಕೆ 200 ಗ್ರಾಂಗಿಂತ ಹಗುರವಾಗಿರುವ ಸರಕಿಗೆ ಮಾತ್ರ ಗಾತ್ರ ಗೆಲ್ಲುತ್ತದೆ.

ಹಾಗಾಗಿ ಪೆಟ್ಟಿಗೆಯನ್ನು ತಕ್ಕಡಿಯಿಂದ ಹಿಮ್ಮುಖವಾಗಿ ಆರಿಸಬೇಕು. ದರ ಅರ್ಧ ಕಿಲೋ ಹಂತಗಳಲ್ಲಿ ಏರುತ್ತದೆ ಎನ್ನೋಣ. 2.2 ಕಿಲೋ ಸರಕು ಹೇಗೂ 2.5ರ ಹಂತಕ್ಕೇ ಬರುತ್ತದೆ. 2.5ನ್ನು 5000ದಿಂದ ಗುಣಿಸಿದರೆ 12,500: ಅಷ್ಟು ಜಾಗ ನಮ್ಮದು. ಹಳೆಯ ಪೆಟ್ಟಿಗೆಯ ನಾಲ್ಕು ಮೂಲೆ ಸೀಳಿ, ಎತ್ತರವನ್ನು 15ಕ್ಕೆ ಮಡಚಿದರೆ 3.6, ಅಂದರೆ 4 ಕಿಲೋ ದರ. ಗೊಂಬೆಗಳನ್ನು ಮಲಗಿಸಿ ಜೋಡಿಸಿ 32×24×16ರ ಪೆಟ್ಟಿಗೆಗೆ ಇಳಿಸಿದರೆ 12,288, ಸರಿಯಾಗಿ 2.5ರೊಳಗೆ. ಇದಕ್ಕಿಂತ ಕಿರಿದು ಮಾಡಿ ಪ್ರಯೋಜನವಿಲ್ಲ, ನಿಜವಾದ ತೂಕ ಕೆಳಗೆ ಇಳಿಯಲು ಬಿಡುವುದಿಲ್ಲ. ಒಳಗೆ ಉಳಿದ ಜಾಗಕ್ಕೆ ಧಾರಾಳವಾಗಿ ಕಾಗದ ತುರುಕಿ. ಅರಗಿನ ಬಣ್ಣದ ಗೊಂಬೆಗಳು ಒಂದಕ್ಕೊಂದು ಉಜ್ಜಿದರೆ ಹೊಳಪು ಹೋಗುತ್ತದೆ, ಮತ್ತೆ ಕಳಿಸುವ ಖರ್ಚಿನ ಮುಂದೆ ಅರ್ಧ ಕಿಲೋ ಉಳಿತಾಯ ಏನೇನೂ ಅಲ್ಲ.

ಆದರೆ ತುರುಕುವುದರಲ್ಲೂ ಎಚ್ಚರ ಬೇಕು. ಅಳತೆ ಹೊರಗಿನದು, ಅದೂ ಅತಿ ಉಬ್ಬಿದ ಜಾಗದ್ದು. ಮುಚ್ಚಳ ಎರಡು ಸೆಂಟಿಮೀಟರ್ ಉಬ್ಬಿ ಎತ್ತರ 18 ಆಯಿತೋ, ಲೆಕ್ಕ 2.76ಕ್ಕೆ ಹೋಗಿ 3 ಕಿಲೋ ದರ ಬೀಳುತ್ತದೆ. ಟೇಪ್ ಹಾಕಿದ ಮೇಲೆ ಒಂದು ಪಟ್ಟಿಯನ್ನು ಮೇಲೆ ಅಡ್ಡ ಇಟ್ಟು ನೋಡಿದರೆ ಉಬ್ಬು ಗೊತ್ತಾಗುತ್ತದೆ.

ದೊಡ್ಡ ಕೊರಿಯರ್ ಕೇಂದ್ರಗಳಲ್ಲಿ ಪೆಟ್ಟಿಗೆ ಬೆಲ್ಟಿನ ಮೇಲೆ ಓಡುವಾಗಲೇ ಯಂತ್ರ ಅಳೆಯುತ್ತದೆ, ವ್ಯತ್ಯಾಸದ ಹಣ ಆಮೇಲೆ ಕಡಿತವಾಗುತ್ತದೆ. ಮೂರು ಬದಿಗೂ ಅಳತೆ ಟೇಪ್ ಹಿಡಿದು, ತಕ್ಕಡಿಯ ಅಂಕಿಯೂ ಕಾಣುವಂತೆ ಫೋಟೊ ತೆಗೆದಿಟ್ಟುಕೊಂಡರೆ ತಕರಾರು ಹಾಕಲು ಆಧಾರ ಸಿಗುತ್ತದೆ. ಪಾರ್ಸೆಲ್ ಕೈಬಿಟ್ಟ ಮೇಲೆ ಆ ಫೋಟೊ ತೆಗೆಯಲಾಗದು.