ನಲವತ್ತು ಪ್ರಶ್ನೆ, ಒಂದು ಅಲ್ಪವಿರಾಮ

ನಮ್ಮ ಅತ್ತಿಗೆ ಹೈಸ್ಕೂಲ್ ಟೀಚರ್. ಶಾಲೆಯ ರಸಪ್ರಶ್ನೆಗೆಂದು ನಲವತ್ತು ಪ್ರಶ್ನೆಗಳನ್ನು ವರ್ಡ್‌ನಲ್ಲಿ ಟೈಪ್ ಮಾಡಿ ಇಟ್ಟುಕೊಂಡಿದ್ದರು. ಮಕ್ಕಳು ಮೊಬೈಲ್‌ನಲ್ಲಿ ಉತ್ತರ ಒತ್ತುವಂಥ ಕ್ವಿಜ್ ತಾಣಕ್ಕೆ ಅವನ್ನು ಏರಿಸಬೇಕಿತ್ತು. ಅಲ್ಲಿ ಒಂದು ಪ್ರಶ್ನೆಗೆ ಆರು ಖಾನೆ: ಪ್ರಶ್ನೆ, ನಾಲ್ಕು ಆಯ್ಕೆ, ಸರಿಯುತ್ತರ. ನಲವತ್ತಕ್ಕೆ ಇನ್ನೂರ ನಲವತ್ತು ಸಲ ಕಾಪಿ, ಪೇಸ್ಟ್. "ಎಲ್ಲ ಟೈಪ್ ಮಾಡಿಯಾಗಿದೆಯಲ್ಲಪ್ಪ, ಹಾಗೇ ತಗೊಳೋಕೆ ಅದಕ್ಕೇನು ಕಷ್ಟ?" ಅಂತ ಅತ್ತಿಗೆ ನನ್ನನ್ನು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅವರ ಕಡತದ ಏಳನೇ ಪ್ರಶ್ನೆ ಹೀಗಿತ್ತು:

```
7. ಕರ್ನಾಟಕದ ವಿಸ್ತೀರ್ಣ ಎಷ್ಟು ಚದರ ಕಿ.ಮೀ.? ಎ) 1,91,791 ಬಿ) 3,07,713 ಸಿ) 1,30,060 ಡಿ) 38,863 ಉತ್ತರ: ಎ
```

ಇದನ್ನು ಓದುವಾಗ ಪ್ರಶ್ನೆ ಎಲ್ಲಿ ಮುಗಿಯಿತು, ಆಯ್ಕೆ ಎಲ್ಲಿ ಶುರುವಾಯಿತು ಎಂದು ನಾವು ಯೋಚಿಸುವುದೇ ಇಲ್ಲ. ಕಣ್ಣು ತಾನಾಗಿ ಗೆರೆ ಎಳೆದುಕೊಳ್ಳುತ್ತದೆ. ಯಂತ್ರದ ಪಾಲಿಗೆ ಇದು ಒಂದರ ಹಿಂದೊಂದು ನಿಂತ ಅಕ್ಷರ, ಚಿಹ್ನೆ, ಖಾಲಿ ಜಾಗಗಳ ಸಾಲು ಅಷ್ಟೇ. ಆ ಗೆರೆಗಳನ್ನು ಯಾರಾದರೂ ಬರೆದು ತೋರಿಸಬೇಕು. ತೋರಿಸುವ ಅತಿ ಸರಳ ವಿಧಾನಗಳಲ್ಲೊಂದು ಸಿಎಸ್‌ವಿ. ಒಂದು ಸಾಲಿಗೆ ಒಂದು ಪ್ರಶ್ನೆ, ಸಾಲಿನೊಳಗೆ ಖಾನೆಗೂ ಖಾನೆಗೂ ನಡುವೆ ಒಂದು ಅಲ್ಪವಿರಾಮ. ಅದು ನೋಟ್‌ಪ್ಯಾಡ್‌ನಲ್ಲೂ ತೆರೆಯುವ ಬರೀ ಪಠ್ಯ. ಮೊದಲ ಸಾಲಿನಲ್ಲಿ ಖಾನೆಗಳ ಹೆಸರು ಇರುತ್ತದೆ. ಈ ಹೆಸರುಗಳೂ ಅವುಗಳ ಕ್ರಮವೂ ತಾಣದಿಂದ ತಾಣಕ್ಕೆ ಬೇರೆ. ಆದ್ದರಿಂದ ತಾಣವೇ ಕೊಡುವ ಮಾದರಿ ಕಡತವನ್ನು ಇಳಿಸಿಕೊಂಡು, ಅದರ ಮೊದಲ ಸಾಲನ್ನು ಮುಟ್ಟದೆ ಹಾಗೇ ಬಳಸಬೇಕು. ನಮಗೆ ಸಿಕ್ಕ ಮಾದರಿಯಲ್ಲಿ ಸರಿಯುತ್ತರವನ್ನು ಎ, ಬಿ ಎಂದಲ್ಲ, 1, 2 ಎಂದು ಕೊಡಬೇಕಿತ್ತು.

ಈಗ ಏಳನೇ ಪ್ರಶ್ನೆಯನ್ನೇ ನೋಡಿ. ಖಾನೆಗಳ ನಡುವೆ ಅಲ್ಪವಿರಾಮ ಹಾಕಿಬಿಟ್ಟರೆ ಆಯಿತಲ್ಲ ಎಂದು ಹಾಕಿದರೆ, 1,91,791 ಎಂಬ ಒಂದೇ ಸಂಖ್ಯೆ ಮೂರು ಖಾನೆಗೆ ಹರಿದುಹೋಗುತ್ತದೆ. ಲಕ್ಷದ ಲೆಕ್ಕದಲ್ಲಿ ನಾವು ಹಾಕುವ ಅಲ್ಪವಿರಾಮ ಯಾವುದು, ಖಾನೆ ಬೇರೆ ಮಾಡುವ ಅಲ್ಪವಿರಾಮ ಯಾವುದು ಎಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಎಣಿಸಿದರೆ ಪ್ರಶ್ನೆಗೆ ಒಂದು, ಮೊದಲ ಮೂರು ಆಯ್ಕೆಗೆ ಮೂರು ಮೂರು, ಕೊನೆಯದಕ್ಕೆ ಎರಡು, ಉತ್ತರಕ್ಕೆ ಒಂದು. ಆರು ಇರಬೇಕಾದಲ್ಲಿ ಹದಿಮೂರು ಖಾನೆ. ಇದಕ್ಕೆ ಮದ್ದು ಪ್ರತಿ ಖಾನೆಯನ್ನೂ ಜೋಡಿ ಉದ್ಧರಣ ಚಿಹ್ನೆಯೊಳಗೆ ಕೂರಿಸುವುದು. ಚಿಹ್ನೆಯ ಒಳಗಿರುವ ಅಲ್ಪವಿರಾಮ ಬರೀ ಅಲ್ಪವಿರಾಮ, ಹೊರಗಿರುವುದು ಗಡಿ. ಖಾನೆಯ ಒಳಗೇ ಉದ್ಧರಣ ಚಿಹ್ನೆ ಬೇಕಾಗಿದ್ದರೆ ಅದನ್ನು ಎರಡು ಸಲ ಬರೆಯಬೇಕು. ಸಿಎಸ್‌ವಿ ಬಳಕೆಗೆ ಬಂದು ಎಷ್ಟೋ ವರ್ಷಗಳಾದ ಮೇಲೆ, 2005ರಲ್ಲಿ, ಆರ್‌ಎಫ್‌ಸಿ 4180 ಎಂಬ ದಾಖಲೆಯಲ್ಲಿ ಈ ರೂಢಿಗಳನ್ನು ಬರೆದಿಟ್ಟರು. ಅಂದಹಾಗೆ, ವರ್ಡ್ ತಾನಾಗಿ ಹಾಕುವ ಬಾಗಿದ ಉದ್ಧರಣ ಚಿಹ್ನೆಗಳಿಂದ ಇಲ್ಲಿ ತೊಂದರೆಯಿಲ್ಲ. ಸಿಎಸ್‌ವಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ನೆಟ್ಟಗಿರುವ ಚಿಹ್ನೆಯನ್ನು ಮಾತ್ರ.

ಗುರಿ ಗೊತ್ತಾಯಿತು. ಅಲ್ಲಿಗೆ ಹೋಗುವ ದಾರಿಯಲ್ಲಿ ನಾನು ಎಡವಿದ್ದನ್ನು ಹೇಳಬೇಕು, ಏಕೆಂದರೆ ಆ ಎಡವಟ್ಟು ಕನ್ನಡದ್ದೇ.

ವರ್ಡ್ ಕಡತವನ್ನು ಬರೀ ಪಠ್ಯವಾಗಿ ಉಳಿಸಿ ನೋಟ್‌ಪ್ಯಾಡ್++ನಲ್ಲಿ ತೆರೆದೆ. ಹುಡುಕಿ ಬದಲಿಸುವ ಕಿಟಕಿಯಲ್ಲಿ `Regular expression` ಎಂಬ ಆಯ್ಕೆಯಿದೆ. ಇಂಥದೇ ಪದ ಎಂದು ಹೇಳುವ ಬದಲು ಇಂಥ ಮಾದರಿಯದ್ದು ಎಂದು ಹೇಳಿ ಹುಡುಕಿಸುವ ವಿಧಾನ ಅದು. ಪ್ರೋಗ್ರಾಮರ್‌ಗಳ ಬಾಯಲ್ಲಿ ರೆಜೆಕ್ಸ್. ಅದರಲ್ಲಿ ಚೌಕ ಕಂಸದೊಳಗೆ ಬರೆದರೆ "ಇವುಗಳಲ್ಲಿ ಯಾವುದಾದರೂ ಒಂದು" ಎಂದರ್ಥ. ಒಂದೊಂದು ಆಯ್ಕೆಯನ್ನೂ ಹೊಸ ಸಾಲಿಗೆ ಇಳಿಸೋಣ ಎಂದು ಹೀಗೆ ಹುಡುಕಿದೆ:

```
\s+[ಎಬಿಸಿಡಿ]\)
```

ಎ) ಮಾತ್ರ ಹೊಸ ಸಾಲಿಗೆ ಹಾರಿತು. ಬಿ), ಸಿ), ಡಿ) ಕೂತಲ್ಲೇ ಕೂತಿದ್ದವು. ಕಾಗುಣಿತ ಕಲಿತ ನಮಗೆ "ಬಿ" ಒಂದು ಅಕ್ಷರ. ಯುನಿಕೋಡ್‌ಗೆ ಅದು ಎರಡು ಸಂಕೇತ: `U+0CAC` ಎಂಬ ಬ, ಅದರ ಹಿಂದೆ `U+0CBF` ಎಂಬ ಗುಡಿಸು. ಚೌಕ ಕಂಸ ಎತ್ತಿಕೊಳ್ಳುವುದು ಒಂದೇ ಸಂಕೇತವನ್ನು. ಅದು ಬ ಎತ್ತಿಕೊಂಡು, ಮುಂದೆ ಆವರಣ ಚಿಹ್ನೆ ಇರುತ್ತದೆಂದು ನೋಡಿದರೆ ಅಲ್ಲಿ ಗುಡಿಸು ಕೂತಿದೆ. ಹೊಂದಲಿಲ್ಲ ಎಂದು ಬಿಟ್ಟು ಮುಂದೆ ಹೋಯಿತು. "ಎ" ಸ್ವರವಾದ್ದರಿಂದ ಒಂದೇ ಸಂಕೇತ, ಅದೊಂದು ಪಾಸಾಯಿತು. ಆಯ್ಕೆಗಳಿಗೆ ಅ, ಆ, ಇ, ಈ ಎಂದು ಹಾಕಿದ್ದರೆ ನಾಲ್ಕೂ ಸ್ವರಗಳೇ, ಈ ತಪ್ಪು ಗೊತ್ತೇ ಆಗುತ್ತಿರಲಿಲ್ಲ. ಎ, ಬಿ, ಸಿ, ಡಿ ಇದ್ದಾಗ ಚೌಕ ಕಂಸ ಬಿಟ್ಟು `(ಎ|ಬಿ|ಸಿ|ಡಿ)` ಎಂದು ಬರೆಯಬೇಕು. ನಡುವಿನ ಗೆರೆ "ಅಥವಾ" ಎಂದು ಓದಿಕೊಳ್ಳಿ.

ಅಷ್ಟಕ್ಕೇ ಮುಗಿಯಲಿಲ್ಲ. ಸಾರನಾಥದ ಪ್ರಶ್ನೆಯೊಂದರಲ್ಲಿ "ಕಾಶಿ (ವಾರಾಣಸಿ)" ಎಂಬ ಆಯ್ಕೆಯಿತ್ತು. ಬರೀ `ಸಿ\)` ಎಂದು ಹುಡುಕಿದ್ದರೆ ವಾರಾಣಸಿಯ ಬಾಲ ಕತ್ತರಿಸಿ ಹೋಗುತ್ತಿತ್ತು. ಮುಂದೆ ಖಾಲಿ ಜಾಗ ಇರಲೇಬೇಕು ಎಂಬ `\s+` ಅದನ್ನು ಕಾಪಾಡಿತು. ಆದರೆ ಇನ್ನೊಂದು ಪ್ರಶ್ನೆಯಲ್ಲಿ "ಆಸ್ಕಾರ್ಬಿಕ್ ಆಮ್ಲ (ವಿಟಮಿನ್ ಸಿ) ಕೊರತೆಯಿಂದ ಬರುವ ರೋಗ?" ಎಂದಿತ್ತು. ಅಲ್ಲಿ ಖಾಲಿ ಜಾಗವೂ ಇದೆ, ಸಿ) ಕೂಡ ಇದೆ, ಆಯ್ಕೆ ಮಾತ್ರ ಅಲ್ಲ.

ಆಗ ಹೊಳೆದದ್ದು, ಒಂದೊಂದು ಗುರುತನ್ನು ಬಿಡಿಯಾಗಿ ಹುಡುಕುವುದೇ ತಪ್ಪು. ಎ ಆದ ಮೇಲೆ ಬಿ, ಅದರ ಮೇಲೆ ಸಿ, ಡಿ, ಕೊನೆಗೆ ಉತ್ತರ. ಈ ಕ್ರಮವನ್ನೇ ಒಟ್ಟಾಗಿ ಹುಡುಕಬೇಕು. ಪ್ರಶ್ನೆಯೊಳಗಿನ ಸಿ), ಎ)ಗಿಂತ ಮೊದಲೇ ಬರುವುದರಿಂದ ಅದು ಆಯ್ಕೆ ಆಗಲು ಸಾಧ್ಯವೇ ಇಲ್ಲ.

```
^\d+\.\s*(.+?)\s+ಎ\)\s*(.+?)\s+ಬಿ\)\s*(.+?)\s+ಸಿ\)\s*(.+?)\s+ಡಿ\)\s*(.+?)\s+ಉತ್ತರ:\s*(ಎ|ಬಿ|ಸಿ|ಡಿ)\s*$
```

ನೋಡಲು ಭಯವಾಗುತ್ತದೆ, ಓದಲು ಅಷ್ಟು ಕಷ್ಟವಿಲ್ಲ. `^\d+\.` ಎಂದರೆ ಸಾಲಿನ ಆರಂಭದಲ್ಲಿ ಅಂಕಿ ಮತ್ತು ಚುಕ್ಕಿ. `(.+?)` ಎಂದರೆ ಮುಂದಿನ ಗುರುತು ಸಿಗುವವರೆಗೆ ಇರುವುದನ್ನೆಲ್ಲ ಎತ್ತಿ ಒಂದು ಚೀಲಕ್ಕೆ ಹಾಕಿಕೋ. ಇಂಥ ಚೀಲ ಒಟ್ಟು ಆರು. ಬದಲಿಸುವ ಜಾಗದಲ್ಲಿ ಆ ಚೀಲಗಳನ್ನು ಅವುಗಳ ಸಂಖ್ಯೆಯಿಂದ ಕರೆಯಬಹುದು:

```
"\1","\2","\3","\4","\5","\6"
```

ಇದನ್ನು ಒತ್ತುವ ಮೊದಲು ಎರಡು ಕೆಲಸ. ಪಠ್ಯದಲ್ಲಿರುವ ನೆಟ್ಟಗಿನ ಉದ್ಧರಣ ಚಿಹ್ನೆಗಳನ್ನೆಲ್ಲ ಎರಡೆರಡು ಮಾಡಿಕೊಳ್ಳಬೇಕು. ಮೇಲಿನ ಬದಲಾವಣೆ ಆದಮೇಲೆ ಮಾಡಹೊರಟರೆ ಗಡಿಯ ಚಿಹ್ನೆಗಳೂ ಇಮ್ಮಡಿಯಾಗಿ ಎಲ್ಲ ಕಲಸುಮೇಲೋಗರ. ಎರಡನೆಯದು, `. matches newline` ಎಂಬ ಗುರುತು ತೆಗೆದಿರಬೇಕು. ಇಲ್ಲದಿದ್ದರೆ ಏಳನೇ ಪ್ರಶ್ನೆಯ ಕೊರತೆಯನ್ನು ಎಂಟನೇ ಪ್ರಶ್ನೆಯಿಂದ ತುಂಬಿಕೊಳ್ಳುತ್ತದೆ.

ಮುವ್ವತ್ತೊಂದು ಪ್ರಶ್ನೆಗಳು ಒಂದೇ ಏಟಿಗೆ ಸಾಲಾದವು. ಒಂಬತ್ತು ಹಾಗೇ ಉಳಿದವು. ಈ ವಿಧಾನದಲ್ಲಿ ನನಗೆ ಮೆಚ್ಚುಗೆಯಾದದ್ದು ಇದೇ: ಕ್ರಮಕ್ಕೆ ಹೊಂದದ್ದನ್ನು ಅದು ಅರ್ಧಂಬರ್ಧ ಕತ್ತರಿಸುವುದಿಲ್ಲ, ಮುಟ್ಟದೆ ಬಿಡುತ್ತದೆ. ಉದ್ಧರಣ ಚಿಹ್ನೆಯಿಂದ ಶುರುವಾಗದ ಸಾಲುಗಳನ್ನು ನೋಡುತ್ತ ಹೋದರೆ ಸಾಕು. ಎರಡರಲ್ಲಿ "ಡಿ)" ಬದಲು "ಡಿ." ಇತ್ತು, ಇನ್ನೊಂದರಲ್ಲಿ ಆಯ್ಕೆಗಳೇ ಮೂರು. ಉಳಿದ ಆರರಲ್ಲಿ "ಉತ್ತರ" ಎಂಬ ಮಾತೇ ಇರಲಿಲ್ಲ. "ಅವಕ್ಕೆ ಬೋಲ್ಡ್ ಮಾಡಿದ್ದೆನಲ್ಲ" ಎಂದರು ಅತ್ತಿಗೆ. ದಪ್ಪಕ್ಷರ ಅಂದಚಂದಕ್ಕೆ ಸೇರಿದ್ದು. ಬರೀ ಪಠ್ಯಕ್ಕೆ ಇಳಿಸಿದ ಕ್ಷಣವೇ ಅದು ಸುಳಿವಿಲ್ಲದೆ ಮಾಯ, ಜೊತೆಗೆ ಸರಿಯುತ್ತರವೂ. ಮತ್ತೆ ವರ್ಡ್‌ಗೆ ಹೋಗಿ, ಹುಡುಕುವ ಜಾಗ ಖಾಲಿ ಬಿಟ್ಟು ಅದಕ್ಕೆ `Bold` ಎಂಬ ಗುಣ ಮಾತ್ರ ಕೊಟ್ಟು, ಬದಲಿಸುವ ಜಾಗದಲ್ಲಿ `*^&` ಎಂದು ಬರೆದೆ. `^&` ಅಂದರೆ ಸಿಕ್ಕಿದ್ದು ಸಿಕ್ಕಂತೆ. ದಪ್ಪಗಿದ್ದ ಪ್ರತಿ ತುಂಡಿನ ಮುಂದೂ ಒಂದು ನಕ್ಷತ್ರ ಬಂತು. ಆರಕ್ಕೆ ಉತ್ತರ ನಾನೇ ಟೈಪ್ ಮಾಡಿದೆ. ಆರು ಪ್ರಶ್ನೆಗಾಗಿ ಇನ್ನೊಂದು ಮಾದರಿ ಹೆಣೆಯುವುದು ಚಪಲ, ಕೆಲಸವಲ್ಲ.

ಇನ್ನು ಎ, ಬಿಗಳನ್ನು 1, 2 ಮಾಡಬೇಕು. `,"ಎ"$` ಹುಡುಕಿ `,1` ಎಂದು ಬದಲಿಸಿದರಾಯಿತು, ಹಾಗೆಯೇ ಉಳಿದ ಮೂರಕ್ಕೂ. ಕೊನೆಯ `$` ಎಂದರೆ ಸಾಲಿನ ತುದಿ. ಅದನ್ನು ಮರೆತರೆ "ಇರುಳುಗಣ್ಣು ಯಾವ ವಿಟಮಿನ್ ಕೊರತೆಯಿಂದ?" ಎಂಬ ಪ್ರಶ್ನೆಯ ಆಯ್ಕೆಗಳಾದ ಎ, ಬಿ, ಸಿ, ಡಿಗಳೂ ಅಂಕಿಗಳಾಗುತ್ತವೆ. ಏಳನೇ ಪ್ರಶ್ನೆ ಕೊನೆಗೆ ಹೀಗಾಯಿತು:

```
"ಕರ್ನಾಟಕದ ವಿಸ್ತೀರ್ಣ ಎಷ್ಟು ಚದರ ಕಿ.ಮೀ.?","1,91,791","3,07,713","1,30,060","38,863",1
```

ಇಲ್ಲಿಂದ ಮುಂದೆ ಹಾಳಾಗುವುದು ಬಹುತೇಕ ಎಕ್ಸೆಲ್‌ನಲ್ಲಿ. ಒಮ್ಮೆ ಕಣ್ಣಾಡಿಸೋಣ ಎಂದು ಕಡತದ ಮೇಲೆ ಎರಡು ಸಲ ಕ್ಲಿಕ್ ಮಾಡುತ್ತೀರಿ. "ಕ" ಇರಬೇಕಾದಲ್ಲಿ `à²•` ಎಂದು ಕಂಡರೆ ಗಾಬರಿ ಬೇಡ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್. ಎಕ್ಸೆಲ್ ಆ ಮೂರನ್ನೂ ಬೇರೆ ಬೇರೆ ಅಕ್ಷರವೆಂದು ಓದಿದೆ. ಕಡತ ಸರಿಯಾಗಿಯೇ ಇದೆ, ಉಳಿಸದೆ ಮುಚ್ಚಿ. ಕನ್ನಡ ಇದ್ದ ಜಾಗದಲ್ಲಿ `????` ಕಂಡರೆ ಮಾತ್ರ ಕೆಟ್ಟಿದೆ ಎಂದೇ ಅರ್ಥ. ಯಾರೋ ಅದನ್ನು ಮಾಮೂಲಿ ಸಿಎಸ್‌ವಿಯಾಗಿ ಉಳಿಸಿದ್ದಾರೆ, ಅಕ್ಷರಗಳು ಇನ್ನು ಮರಳುವುದಿಲ್ಲ. ಎಕ್ಸೆಲ್‌ನಿಂದಲೇ ಉಳಿಸಬೇಕಿದ್ದರೆ `CSV UTF-8` ಎಂಬುದನ್ನೇ ಆರಿಸಬೇಕು. `PÀ£ÀßqÀ` ಎಂದು ಕಂಡರೆ ಅದು ಬೇರೆಯೇ ಕಥೆ: ಮೂಲ ಪಠ್ಯವನ್ನೇ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ, ಎಲ್ಲಕ್ಕೂ ಮೊದಲು ಯುನಿಕೋಡ್‌ಗೆ ಪರಿವರ್ತಿಸಬೇಕು.

ಎಕ್ಸೆಲ್‌ನ ಇನ್ನೊಂದು ಚಾಳಿ ಉಪಕಾರದ ವೇಷದಲ್ಲಿ ಬರುತ್ತದೆ. ಗಣಿತದ ಪ್ರಶ್ನೆಗೆ 3/4 ಎಂಬ ಆಯ್ಕೆಯಿದ್ದರೆ ಅದನ್ನು ದಿನಾಂಕ ಮಾಡುತ್ತದೆ. ಬೆಂಗಳೂರಿನ ಎಸ್‌ಟಿಡಿ ಕೋಡ್ 080 ಬರೀ 80 ಆಗುತ್ತದೆ. ಉದ್ಧರಣ ಚಿಹ್ನೆ ಹಾಕಿದ್ದರೂ ಕೇಳುವುದಿಲ್ಲ. ಇದು ಬರೀ ಮೇಷ್ಟ್ರುಗಳ ಗೋಳಲ್ಲ. `SEPT1`, `MARCH1` ಮುಂತಾದ ಜೀನ್‌ಗಳ ಹೆಸರನ್ನು ಎಕ್ಸೆಲ್ ತಾರೀಖು ಮಾಡುತ್ತಿದ್ದುದರಿಂದ ಬೇಸತ್ತು, ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿ ಅವುಗಳ ಹೆಸರನ್ನೇ `SEPTIN1`, `MARCHF1` ಎಂದು ಬದಲಿಸಿತು. 2020ರ ತನ್ನ ಮಾರ್ಗಸೂಚಿಯಲ್ಲಿ ಅದನ್ನು ಹೇಳಿಯೂ ಹೇಳಿತು. ನಾನಂತೂ ಕಡೆಯ ಪರಿಶೀಲನೆಗೆ ನೋಟ್‌ಪ್ಯಾಡ್++ ಬಿಟ್ಟು ಹೊರಗೆ ಹೋಗಲಿಲ್ಲ.

ಮೊದಲು ಮೂರೇ ಪ್ರಶ್ನೆ ಏರಿಸಿ ನೋಡಿದೆವು, ಏಳನೆಯದನ್ನೂ ಸೇರಿಸಿ. ಸರಿ ಬಂತು. ಆಮೇಲೆ ನಲವತ್ತೂ. ರಾತ್ರಿ ಅತ್ತಿಗೆಯೇ ಮೊಬೈಲ್‌ನಲ್ಲಿ ಆಡಿ ನೋಡಿ ಫೋನ್ ಮಾಡಿದರು. ಹದಿನೆಂಟನೇ ಪ್ರಶ್ನೆಯ ಸರಿಯುತ್ತರ "ಎ ಮತ್ತು ಸಿ ಎರಡೂ" ಎಂದಿತ್ತು. ತಾಣ ಪ್ರತಿ ಮಗುವಿಗೂ ಆಯ್ಕೆಗಳನ್ನು ಕಲಸಿ ತೋರಿಸುತ್ತದೆ, ಅಲ್ಲಿ ಎ, ಸಿ ಎಂಬ ಗುರುತುಗಳೇ ಇಲ್ಲ. ಖಾನೆ ಆರೇ ಇದ್ದವು, ಸಾಲು ಎಲ್ಲ ರೀತಿಯಲ್ಲೂ ಸರಿಯಾಗಿತ್ತು. ಆ ಆಯ್ಕೆಯಲ್ಲಿ ಅಕ್ಷರಗಳ ಬದಲು ಎರಡು ಊರುಗಳ ಹೆಸರನ್ನೇ ಬರೆದು ಮತ್ತೆ ಏರಿಸಿದೆವು.