ಉತ್ತರ ಬಾಕಿಯಿರುವ ಮೇಲ್‌ಗೆ ನಕ್ಷತ್ರವೋ, ಗಡಿಯಾರವೋ?

ಮೇಲ್ ಓದಿ ‘ಆಮೇಲೆ ಬರೆದರಾಯಿತು’ ಅಂದುಕೊಂಡರೆ, ಅದು ಓದಿಯಾದ ಮೇಲ್‌ಗಳ ನಡುವೆ ಸೇರಿ ಕಣ್ಮರೆಯಾಗುತ್ತದೆ. ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯಾದ ಹೊಸತರಲ್ಲಿ ನಿವಾಸಿಯೊಬ್ಬರ ದೂರಿಗೆ ನಾನು ಹನ್ನೆರಡು ದಿನ ಉತ್ತರಿಸಿರಲಿಲ್ಲ. ಅಷ್ಟರಲ್ಲಿ ಅವರ ಗೋಡೆಯ ತೇವ ಪಕ್ಕದ ಕೋಣೆಗೂ ಹಬ್ಬಿತ್ತು. ಅಂದಿನಿಂದ ಜಿಮೇಲ್‌ನ ಎರಡು ಗುರುತುಗಳನ್ನು ನೇಮದಂತೆ ಬಳಸುತ್ತಿದ್ದೇನೆ.

ಈಗಲೇ ಬರೆಯಬಹುದು, ಪುರುಸೊತ್ತಿಲ್ಲ ಅಷ್ಟೇ ಎನ್ನುವ ಮೇಲ್‌ಗೆ ನಕ್ಷತ್ರ. ಇಂಥ ದಿನದವರೆಗೆ ಬರೆಯಲು ಸಾಧ್ಯವೇ ಇಲ್ಲ ಎನ್ನುವುದಕ್ಕೆ ಗಡಿಯಾರದ ಗುರುತು, ಅಂದರೆ ಸ್ನೂಜ್. ನಕ್ಷತ್ರ ಹಾಕಿದ ಮೇಲ್ ಇನ್‌ಬಾಕ್ಸ್‌ನಲ್ಲೇ ಇದ್ದು Starred ಪಟ್ಟಿಯಲ್ಲೂ ಕಾಣುತ್ತದೆ, ಆದರೆ ತಾನಾಗಿ ನೆನಪಿಸುವುದಿಲ್ಲ. ಸ್ನೂಜ್ ಮಾಡಿದ್ದು ಇನ್‌ಬಾಕ್ಸ್‌ನಿಂದ ಮರೆಯಾಗಿ, ಹೇಳಿದ ಹೊತ್ತಿಗೆ ಮತ್ತೆ ಮೇಲಕ್ಕೆ ಬರುತ್ತದೆ. ಕಳಿಸಿದವರಿಗೆ ಇದಾವುದೂ ತಿಳಿಯುವುದಿಲ್ಲ.

ಸೋಮವಾರ ಪೇಂಟಿಂಗ್ ಗುತ್ತಿಗೆದಾರರ ದರಪಟ್ಟಿ ಬಂತು ಎನ್ನಿ. ಕಮಿಟಿ ಸೇರುವುದು ಭಾನುವಾರ ಬೆಳಿಗ್ಗೆ. ಅಲ್ಲಿಯವರೆಗೆ ನಾನು ಹೇಳಬಲ್ಲದ್ದೇನೂ ಇಲ್ಲ. ‘ಭಾನುವಾರದ ಸಭೆಯ ನಂತರ ತಿಳಿಸುತ್ತೇವೆ’ ಎಂದು ಒಂದು ಸಾಲು ಬರೆದು, Pick date & time ಒತ್ತಿ, ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಇಡುತ್ತೇನೆ. ಅದೇ ದಿನ ನಿರ್ವಹಣಾ ಶುಲ್ಕದ ರಸೀದಿ ಕೇಳಿದವರ ಮೇಲ್‌ಗೆ ನಕ್ಷತ್ರ ಸಾಕು. ರಾತ್ರಿ ಒಂಬತ್ತಕ್ಕೆ Starred ತೆರೆದು, ಅತಿ ಹಳೆಯದರಿಂದ ಆರಂಭಿಸಿ ಇಪ್ಪತ್ತು ನಿಮಿಷ ಉತ್ತರ ಬರೆಯುತ್ತೇನೆ.

ನನಗೆ ಅತಿ ಹೆಚ್ಚು ನೆರವಾದದ್ದು ಇನ್ನೊಂದು: ನಾನೇ ಕಳಿಸಿದ ಮೇಲ್‌ ಅನ್ನೂ ಸ್ನೂಜ್ ಮಾಡಬಹುದು. ಲಿಫ್ಟ್ ರಿಪೇರಿಯವರಿಗೆ ಬರೆದ ಪತ್ರವನ್ನು Sent ಪಟ್ಟಿಯಿಂದ ತೆರೆದು ಗುರುವಾರಕ್ಕೆ ಇಟ್ಟರೆ, ಅವರ ಉತ್ತರ ಬಂದೊಡನೆ ಇಡೀ ಸಂಭಾಷಣೆ ಇನ್‌ಬಾಕ್ಸ್‌ಗೆ ಮರಳುತ್ತದೆ. ಉತ್ತರ ಬಾರದಿದ್ದರೆ ಗುರುವಾರ ನನ್ನ ಪತ್ರವೇ ಎದುರು ನಿಲ್ಲುತ್ತದೆ. ಆಗ ಫೋನ್ ಮಾಡುತ್ತೇನೆ.

ಈ ಕ್ರಮ ಕೆಡುವುದು ಸಾಮಾನ್ಯವಾಗಿ ನಕ್ಷತ್ರದಿಂದಲೇ. ಉತ್ತರ ಕೊಟ್ಟ ಮೇಲೂ ಅದು ತಾನಾಗಿ ಹೋಗುವುದಿಲ್ಲ, ಕೈಯಾರೆ ತೆಗೆಯಬೇಕು. ರೈಲು ಟಿಕೆಟ್, ವಿಮೆ ಕಾಗದಗಳಿಗೂ ನಕ್ಷತ್ರ ಹಾಕಿದರೆ ಬಾಕಿಯೂ ಜೋಪಾನವೂ ಬೆರೆತು ಪಟ್ಟಿ ನೋಡುವ ಮನಸ್ಸೇ ಬರುವುದಿಲ್ಲ. ಅಂಥವಕ್ಕೆ ಬೇರೆ ಲೇಬಲ್ ಮಾಡಿಕೊಳ್ಳಿ. ವಾರಕ್ಕೊಮ್ಮೆ ಹುಡುಕುವ ಪೆಟ್ಟಿಗೆಯಲ್ಲಿ ಇದನ್ನು ಟೈಪ್ ಮಾಡಿ:

```
is:starred older_than:7d
```

ವಾರಕ್ಕಿಂತ ಹಳೆಯದಾಗಿ ಉಳಿದ ಬಾಕಿಗಳು ಬರುತ್ತವೆ. ಇಲ್ಲಿ ಲೆಕ್ಕವಾಗುವುದು ಮೇಲ್ ಬಂದ ದಿನವೇ ಹೊರತು ನಕ್ಷತ್ರ ಹಾಕಿದ ದಿನವಲ್ಲ.

ಒಂದೇ ಮೇಲ್ ಮೂರನೇ ಸಲ ಸ್ನೂಜ್‌ನಿಂದ ಎದ್ದು ಬಂದರೆ ಅದಕ್ಕೆ ಬೇಕಿರುವುದು ಇನ್ನೊಂದು ದಿನಾಂಕವಲ್ಲ. ‘ಆಗುವುದಿಲ್ಲ’ ಎಂದಾದರೂ ಅಂದೇ ಬರೆದುಬಿಡಿ, ಆ ಕಡೆ ಒಬ್ಬರು ಕಾಯುತ್ತಿರುತ್ತಾರೆ.